ಗ್ರಂಥಾಲಯದ ಒಂದು ನಿಯಮ, ತರ್ಕದ ಎರಡು ರೂಪ

ಗ್ರಂಥಾಲಯದ ಗೋಡೆಯ ಮೇಲೆ ಹೀಗೆ ಬರೆದಿದೆ ಎಂದುಕೊಳ್ಳಿ: ಪುಸ್ತಕ ತಡವಾಗಿ ಬಂದರೆ ಅಥವಾ ಹರಿದಿದ್ದರೆ ದಂಡ ಕಟ್ಟಬೇಕು, ಕಾರ್ಡನ್ನೂ ಒಪ್ಪಿಸಬೇಕು. ತಡವಾದದ್ದು p, ಹರಿದದ್ದು q, ದಂಡ ಕಟ್ಟಿದ್ದು r, ಕಾರ್ಡ್ ಒಪ್ಪಿಸಿದ್ದು s ಎಂದಿಟ್ಟುಕೊಂಡರೆ ಸೂತ್ರ ಇದು:

```
(p ∨ q) → (r ∧ s)
```

ಇಲ್ಲಿ ∨ ಎಂದರೆ ‘ಅಥವಾ’, ∧ ಎಂದರೆ ‘ಮತ್ತು’. ಮುಂದೆ ಬರುವ ¬ ಎಂದರೆ ‘ಅಲ್ಲ’.

ಮೊದಲು ಬಾಣವನ್ನು ತೆಗೆಯಬೇಕು. ‘ಹೀಗಾದರೆ ಹಾಗೆ’ ಎಂಬ ಮಾತು ಸುಳ್ಳಾಗುವುದು ‘ಹೀಗೆ’ ಆಗಿಯೂ ‘ಹಾಗೆ’ ಆಗದಿದ್ದಾಗ ಮಾತ್ರ. ಆದ್ದರಿಂದ ಬಾಣದ ಎಡಭಾಗಕ್ಕೆ ¬ ಹಾಕಿ, ನಡುವೆ ‘ಅಥವಾ’ ಇಟ್ಟರಾಯಿತು. ಆಮೇಲೆ ಆವರಣದ ಹೊರಗಿರುವ ¬ ಅನ್ನು ಒಳಗಿನ ಒಂದೊಂದು ಅಕ್ಷರಕ್ಕೂ ಹಂಚಬೇಕು. ಹಂಚುವಾಗ ಒಳಗಿನ ‘ಅಥವಾ’ ‘ಮತ್ತು’ ಆಗುತ್ತದೆ. ಇದು ಡಿ ಮಾರ್ಗನ್ ನಿಯಮ.

```
¬(p ∨ q) ∨ (r ∧ s)
(¬p ∧ ¬q) ∨ (r ∧ s)
```

ಹೆಚ್ಚಿನವರು ಎಡವುವುದು ಇಲ್ಲೇ: ¬ ಒಳಗೆ ಹೋಗುತ್ತದೆ, ∨ ಮಾತ್ರ ಹಾಗೇ ಉಳಿದುಬಿಡುತ್ತದೆ. ಪತ್ತೆಹಚ್ಚುವುದು ಸುಲಭ. ಪುಸ್ತಕ ತಡವಾಗಿದೆ, ಹರಿದಿಲ್ಲ, ದಂಡವನ್ನೂ ಕಟ್ಟಿಲ್ಲ, ಕಾರ್ಡನ್ನೂ ಕೊಟ್ಟಿಲ್ಲ ಎಂಬ ಸಂದರ್ಭ ಹಾಕಿ ನೋಡಿ. ಮೂಲ ನಿಯಮ ಮುರಿದಿದೆ. ತಪ್ಪಾಗಿ ಬರೆದ (¬p ∨ ¬q) ∨ (r ∧ s) ಮಾತ್ರ ‘ಹರಿದಿಲ್ಲವಲ್ಲ, ಸರಿಯಾಗಿದೆ’ ಎನ್ನುತ್ತದೆ.

ಸರಿಯಾಗಿ ಬಂದ ಎರಡನೆಯ ಸಾಲೇ ಡಿಎನ್‌ಎಫ್: ಗುಂಪಿನೊಳಗೆ ಬರೀ ‘ಮತ್ತು’, ಗುಂಪುಗಳ ನಡುವೆ ‘ಅಥವಾ’. ನಿಯಮ ಪಾಲನೆಯಾಗುವ ದಾರಿಗಳ ಪಟ್ಟಿ ಇದು. ಒಂದೋ ಪುಸ್ತಕ ಹರಿಯದೆ ಸರಿಯಾದ ಹೊತ್ತಿಗೆ ಬಂದಿದೆ, ಇಲ್ಲವೇ ದಂಡ, ಕಾರ್ಡ್ ಎರಡೂ ಸಂದಾಯವಾಗಿವೆ.

ಸಿಎನ್‌ಎಫ್‌ನಲ್ಲಿ ಇದು ತಿರುಗುಮುರುಗು: ಒಳಗೆ ‘ಅಥವಾ’, ನಡುವೆ ‘ಮತ್ತು’. ಮೊದಲ ಗುಂಪಿನ ಒಂದೊಂದು ಅಕ್ಷರವನ್ನೂ ಎರಡನೆಯದರ ಒಂದೊಂದಕ್ಕೂ ‘ಅಥವಾ’ ಹಾಕಿ ಜೋಡಿಸಬೇಕು:

```
(¬p ∨ r) ∧ (¬p ∨ s) ∧ (¬q ∨ r) ∧ (¬q ∨ s)
```

ಓದಿ ನೋಡಿದರೆ ನಾಲ್ಕು ಬಿಡಿ ನಿಯಮಗಳು: ತಡವಾದರೆ ದಂಡ, ತಡವಾದರೆ ಕಾರ್ಡ್, ಹರಿದರೆ ದಂಡ, ಹರಿದರೆ ಕಾರ್ಡ್. ಗೋಡೆಯ ಮೇಲಿನ ಮೂಲ ವಾಕ್ಯಕ್ಕಿಂತ ಇದೇ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಯಾವ ನಿಯಮ ಮುರಿಯಿತೆಂದು ಬೆರಳಿಟ್ಟು ತೋರಿಸಬಹುದು. ಸೂತ್ರವೊಂದನ್ನು ನಿಜವಾಗಿಸಲು ಸಾಧ್ಯವೇ ಎಂದು ಹುಡುಕುವ ‘ಸ್ಯಾಟ್ ಸಾಲ್ವರ್’ ತಂತ್ರಾಂಶಗಳೂ ಸಾಮಾನ್ಯವಾಗಿ ಕೇಳುವುದು ಸಿಎನ್‌ಎಫ್ ರೂಪವನ್ನೇ.

ಆದರೆ ಈ ಜೋಡಣೆಗೆ ತೆರಬೇಕಾದ ಬೆಲೆ ದೊಡ್ಡದು. ಎರಡೆರಡು ಅಕ್ಷರಗಳ ಎರಡು ಗುಂಪಿಗೆ 4 ಷರತ್ತುಗಳಾದವು. ಅಕ್ಷರಗಳೆಲ್ಲ ಬೇರೆಬೇರೆಯಾಗಿರುವ ಇಂಥ 10 ಗುಂಪುಗಳಿದ್ದರೆ 1,024. 20 ಇದ್ದರೆ ಹತ್ತು ಲಕ್ಷಕ್ಕೂ ಹೆಚ್ಚು. ಇದನ್ನು ತಪ್ಪಿಸಲು ತ್ಸೈಟಿನ್ ತೋರಿಸಿದ ಉಪಾಯವಿದೆ. ಪ್ರತಿ ಗುಂಪಿಗೂ ಒಂದು ಹೊಸ ಅಕ್ಷರದ ಹೆಸರು ಕೊಟ್ಟು, ಆ ಅಕ್ಷರವೂ ಗುಂಪೂ ಒಂದೇ ಎಂದು ಮೂರು ಚಿಕ್ಕ ಷರತ್ತುಗಳಲ್ಲಿ ಹೇಳಿ, ಕೊನೆಗೆ ಹೊಸ ಅಕ್ಷರಗಳಲ್ಲಿ ಒಂದಾದರೂ ನಿಜವಾಗಿರಬೇಕು ಎಂದು ಸೇರಿಸುವುದು. ಆಗ 20 ಗುಂಪಿಗೆ 61 ಷರತ್ತು ಸಾಕು. ಹೊಸ ಅಕ್ಷರಗಳು ಸೇರಿದ್ದರಿಂದ ಇದು ಮೂಲ ಸೂತ್ರಕ್ಕೆ ಪೂರ್ತಿ ಸಮಾನವಲ್ಲ. ಮೂಲವನ್ನು ನಿಜವಾಗಿಸಲು ಸಾಧ್ಯವಿದ್ದರೆ ಮಾತ್ರ ಇದನ್ನೂ ನಿಜವಾಗಿಸಬಹುದು. ಸಾಲ್ವರ್‌ಗೆ ಬೇಕಾದದ್ದೂ ಅಷ್ಟೇ.