ತಳ ಲೆಕ್ಕಕ್ಕೆ ಬಂತೇ?

ಶಂಕುವಿನಾಕಾರದ ಕಾಗದದ ಟೋಪಿಯೊಂದರ ತ್ರಿಜ್ಯ 7 ಸೆಂ.ಮೀ., ಎತ್ತರ 24 ಸೆಂ.ಮೀ. ಇದಕ್ಕೆ ಎಷ್ಟು ಕಾಗದ ಬೇಕು? ಉತ್ತರ 704 ಚದರ ಸೆಂ.ಮೀ. ಎಂದು ಬಂದಿದ್ದರೆ ಅದರಿಂದ ತಳದ ವೃತ್ತದ ವಿಸ್ತೀರ್ಣ 154 ಕಳೆದು ನೋಡಿ. ಉಳಿಯುವ 550, ತ್ರಿಜ್ಯ 7 ಮತ್ತು ಓರೆ ಎತ್ತರ 25ನ್ನು 22/7ರಿಂದ ಗುಣಿಸಿದ ಮೊತ್ತವೇ, ಅಂದರೆ ವಕ್ರ ಮೇಲ್ಮೈ. ಹಾಗಾದರೆ 704 ಪೂರ್ಣ ಮೇಲ್ಮೈ. ಗುಣಾಕಾರ ಸರಿ, ಪ್ರಶ್ನೆಗೆ ಉತ್ತರವಲ್ಲ: ಟೋಪಿಗೆ ತಳವೇ ಇಲ್ಲ. 528 ಬಂದಿದ್ದರೆ ತಪ್ಪು ಬೇರೆ, ಓರೆ ಎತ್ತರದ ಜಾಗದಲ್ಲಿ ನೇರ ಎತ್ತರ 24 ಕೂತಿದೆ. ಆದರೆ ಘನಫಲಕ್ಕೆ ಬೇಕಾದದ್ದು ಆ ನೇರ ಎತ್ತರವೇ; ಅದು 1232 ಘನ ಸೆಂ.ಮೀ.

ಸಿಲಿಂಡರಿನಲ್ಲಿ ವಕ್ರ ಮತ್ತು ಪೂರ್ಣ ಮೇಲ್ಮೈಗಳ ವ್ಯತ್ಯಾಸ ಎರಡು ವೃತ್ತಗಳಷ್ಟು. ಮುಚ್ಚಳವಿಲ್ಲದ ಡ್ರಮ್ಮಿಗೆ ಮಾತ್ರ ಒಂದನ್ನೇ ಸೇರಿಸಿ.