ಕಟ್ಟುವ ಮೊದಲು ಐದು ಗಿರಾಕಿಗಳ ಕೈಗೆ ಕೊಡಿ

ಕೆಫೆಯೊಂದು ಆರ್ಡರ್ ತೆಗೆದುಕೊಳ್ಳುವ ವೆಬ್‌ಸೈಟ್ ಮಾಡಿಸಲು ಹೊರಟಾಗ ಸಾಮಾನ್ಯವಾಗಿ ನಡೆಯುವುದು ಹೀಗೆ. ಮಾಲೀಕರು ತಮಗೆ ಬೇಕಾದ್ದನ್ನು ಹೇಳುತ್ತಾರೆ. ಡಿಸೈನರ್ ಪರದೆಗಳ ಚಿತ್ರ ಬರೆದು ತರುತ್ತಾರೆ. ಬಣ್ಣ, ಫೋಟೋ, ಲೋಗೋ ಬಗ್ಗೆ ಒಂದಷ್ಟು ಮಾತಾಗುತ್ತದೆ. ಆಮೇಲೆ ಪ್ರೋಗ್ರಾಮರ್ ತಿಂಗಳುಗಟ್ಟಲೆ ಕೂತು ಕೋಡ್ ಬರೆಯುತ್ತಾರೆ. ಆ ಸೈಟಿನಲ್ಲಿ ಕಾಫಿ ತರಿಸಿಕೊಳ್ಳಬೇಕಾದವರು ಮಾತ್ರ ಅದನ್ನು ಮೊದಲ ಸಲ ನೋಡುವುದು ಎಲ್ಲ ಮುಗಿದ ಮೇಲೆ. ಅವರು ಎಡವಿದ್ದು ಗೊತ್ತಾಗುವ ಹೊತ್ತಿಗೆ ಹಣ ಖರ್ಚಾಗಿರುತ್ತದೆ.

ಮನೆ ಕಟ್ಟುವವರು ಇದಕ್ಕಿಂತ ಜಾಣರು. ಪಾಯ ತೆಗೆಯುವ ಮೊದಲು ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, ಅಡುಗೆಮನೆಯಿಂದ ಹಾಲ್‌ಗೆ ಒಮ್ಮೆ ನಡೆದು ನೋಡುತ್ತಾರೆ. ವೆಬ್‌ಸೈಟ್‌ಗೂ ಅಂಥ ಗೆರೆ ಹಾಕಬಹುದು. ಅದಕ್ಕೆ ಕ್ಲಿಕ್ ಮಾಡಬಹುದಾದ ಪ್ರೊಟೊಟೈಪ್ ಎನ್ನುತ್ತಾರೆ. ಫಿಗ್ಮಾದಂಥ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಪರದೆಯನ್ನೂ ಚಿತ್ರವಾಗಿ ಬರೆದು, ‘ಈ ಬಟನ್ ಒತ್ತಿದರೆ ಆ ಪರದೆ ಬರಲಿ’ ಎಂದು ಒಂದಕ್ಕೊಂದು ಕೊಂಡಿ ಹಾಕುತ್ತಾರೆ. ಫೋನಿನಲ್ಲಿ ತೆರೆದರೆ ಅದು ನಿಜವಾದ ಸೈಟಿನಂತೆಯೇ ಕಾಣುತ್ತದೆ. ಹಿಂದೆ ಡೇಟಾಬೇಸ್ ಇಲ್ಲ, ಸರ್ವರ್ ಇಲ್ಲ, ಒತ್ತಿದ ಆರ್ಡರ್ ಯಾವ ಅಡುಗೆಮನೆಗೂ ಹೋಗುವುದಿಲ್ಲ. ಇದರಲ್ಲಿ ಒಂದು ಬಟನ್ ಸರಿಸಲು ನಿಮಿಷಗಳು ಸಾಕು.

ಐದೇ ಜನ ಯಾಕೆ?

ಈ ಸಂಖ್ಯೆಯ ಹಿಂದೆ ಒಂದು ಲೆಕ್ಕವಿದೆ. 1993ರಲ್ಲಿ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಇಂಥ ಹಲವು ಪರೀಕ್ಷೆಗಳ ಫಲಿತಾಂಶ ಕೂಡಿಸಿ ನೋಡಿದರು. ಒಬ್ಬ ವ್ಯಕ್ತಿಯನ್ನು ಕೂರಿಸಿ ನೋಡಿದರೆ ವಿನ್ಯಾಸದಲ್ಲಿರುವ ತೊಡಕುಗಳಲ್ಲಿ ಸರಾಸರಿ ಶೇ 31ರಷ್ಟು ಕಣ್ಣಿಗೆ ಬೀಳುತ್ತಿದ್ದವು. ಎರಡನೆಯವರು ಅದೇ ತೊಡಕುಗಳಲ್ಲಿ ಕೆಲವಕ್ಕೆ ಮತ್ತೆ ಸಿಕ್ಕಿ, ಇನ್ನು ಕೆಲವು ಹೊಸದನ್ನು ತೋರಿಸುತ್ತಾರೆ. ಹೀಗೆ ಇಬ್ಬರಿಗೆ ಶೇ 52, ಮೂವರಿಗೆ ಶೇ 67, ಐವರಿಗೆ ಸುಮಾರು ಶೇ 85. ಆಮೇಲೆ ಬಂದವರೆಲ್ಲ ಹೆಚ್ಚಾಗಿ ಹಳೆಯದನ್ನೇ ತೋರಿಸುತ್ತಾರೆ. ಹಾಗಾಗಿ 15 ಜನರನ್ನು ಒಂದೇ ಸಲ ಕರೆಯುವ ಬದಲು ಐವರನ್ನು ಕರೆದು, ಕಂಡದ್ದನ್ನು ತಿದ್ದಿ, ಇನ್ನೈವರನ್ನು ಕರೆಯಿರಿ ಎಂದು ನೀಲ್ಸನ್ 2000ದಲ್ಲಿ ಬರೆದರು.

ಈ ಲೆಕ್ಕಕ್ಕೆ ಷರತ್ತುಗಳಿವೆ. ಐವರೂ ಒಂದೇ ಬಗೆಯ ಗಿರಾಕಿಗಳಾಗಿರಬೇಕು, ಒಂದೇ ಕೆಲಸವನ್ನು ಮಾಡಬೇಕು. 2001ರಲ್ಲಿ ಜೇರೆಡ್ ಸ್ಪೂಲ್ ಮತ್ತು ವಿಲ್ ಶ್ರೋಡರ್ ಮಾರಾಟದ ವೆಬ್‌ಸೈಟ್‌ಗಳ ಮೇಲೆ ಪರೀಕ್ಷೆ ನಡೆಸಿ, ತಮಗೆ ಬೇಕಾದ್ದನ್ನು ಕೊಳ್ಳಿ ಎಂದು ಜನರನ್ನು ಅವರ ಪಾಡಿಗೆ ಬಿಟ್ಟಾಗ ಮೊದಲ ಐವರು ತೋರಿಸಿದ್ದು ಶೇ 35ರಷ್ಟು ತೊಡಕುಗಳನ್ನು ಮಾತ್ರ. ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರೆ ಐದು ಸಾಲುವುದಿಲ್ಲ.

ಒಂದು ಕೆಫೆಯ ಲೆಕ್ಕ

ಮೈಸೂರಿನ ಬಡಾವಣೆಯೊಂದರಲ್ಲಿ 12 ಟೇಬಲ್‌ಗಳ ಕೆಫೆ ಇದೆ ಎಂದಿಟ್ಟುಕೊಳ್ಳೋಣ. ಸಂಜೆ ಆಫೀಸಿನಿಂದ ಮನೆಗೆ ಹೋಗುವವರು ಪಾರ್ಸೆಲ್‌ಗಾಗಿ ಕೌಂಟರ್ ಮುಂದೆ ನಿಲ್ಲುತ್ತಾರೆ. ದಾರಿಯಲ್ಲೇ ಫೋನಿನಿಂದ ಆರ್ಡರ್ ಮಾಡಿ, ಹಣ ಕಟ್ಟಿ, ಬಂದ ಕೂಡಲೇ ಪೊಟ್ಟಣ ಎತ್ತಿಕೊಂಡು ಹೋಗುವಂತಾಗಬೇಕು ಎಂಬುದು ಮಾಲೀಕರ ಆಸೆ. ಡಿಸೈನರ್ ಏಳು ಪರದೆಗಳ ಪ್ರೊಟೊಟೈಪ್ ತಂದಿದ್ದಾರೆ: ಫೋನ್ ನಂಬರ್ ಮತ್ತು ಒಟಿಪಿ, ಮೆನು, ತಿಂಡಿಯ ವಿವರ, ಕಾರ್ಟ್, ಸಮಯ, ಪಾವತಿ, ಕೊನೆಗೆ ‘ಆರ್ಡರ್ ಬಂದಿದೆ’ ಎಂಬ ಪರದೆ.

ಯಾರನ್ನು ಕರೆಯಬೇಕು? ಸಂಜೆ ಪಾರ್ಸೆಲ್ ಒಯ್ಯುವವರಲ್ಲೇ ಐವರನ್ನು. ಮಾಲೀಕರ ತಮ್ಮ, ಡಿಸೈನರ್‌ನ ಗೆಳೆಯ, ಕೆಫೆಯ ಹುಡುಗರು ಬೇಡ. ಅವರಿಗೆ ಮೆನು ಬಾಯಿಪಾಠ, ಬೇಸರ ಮಾಡಿಸಲೂ ಮನಸ್ಸಿಲ್ಲ. ಬೆಳಗಿನ ವಾಕಿಂಗ್ ಮುಗಿಸಿ ಬರುವ ಹಿರಿಯರೂ ಈ ಸೈಟ್ ಬಳಸಬೇಕೆಂದಿದ್ದರೆ ಅವರದೇ ಬೇರೆ ಗುಂಪು, ಅವರಲ್ಲಿ ಮೂರ್ನಾಲ್ಕು ಜನರನ್ನು ಬೇರೆಯಾಗಿ ಕೂರಿಸಬೇಕು. ಒಬ್ಬೊಬ್ಬರಿಗೆ ಅರ್ಧ ಗಂಟೆ ಸಾಕು. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತು, ಮೂಲೆಯ ಟೇಬಲ್, ಗಿರಾಕಿಯ ಕೈಗೆ ಒಂದು ಫೋನ್. ಒಬ್ಬರು ಮಾತಾಡಿಸುವವರು, ಒಬ್ಬರು ಬರೆದುಕೊಳ್ಳುವವರು. ಪರದೆಯನ್ನು ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ಕೇಳಬೇಕು. ಸಮಯ ಕೊಟ್ಟದ್ದಕ್ಕೆ ಒಂದು ಕೂಪನ್ ಕೊಟ್ಟು ಕಳಿಸಿದರೆ ಚೆನ್ನ.

ಅವರ ಮುಂದೆ ಇಡುವ ಚೀಟಿಯಲ್ಲಿ ಕೆಲಸ ಹೀಗಿರಲಿ: ‘ಆಫೀಸಿನಿಂದ ಹೊರಟಿದ್ದೀರಿ, ಇಲ್ಲಿಗೆ ಬರಲು ಅರ್ಧ ಗಂಟೆ ಬೇಕು. ನಿಮಗೊಂದು ಕಾಫಿ, ಮನೆಯಲ್ಲಿರುವ ತಂದೆಯವರಿಗೆ ಸಕ್ಕರೆ ಇಲ್ಲದ ಕಾಫಿ, ಎರಡು ಮಸಾಲೆ ದೋಸೆ ಬೇಕು. ಬಂದ ಕೂಡಲೇ ತೆಗೆದುಕೊಂಡು ಹೋಗುವ ಹಾಗೆ ಆರ್ಡರ್ ಮಾಡಿ.’ ‘ಕಾರ್ಟ್ ಒತ್ತಿ, ಸಮಯ ಆರಿಸಿ’ ಎಂದು ಬರೆದರೆ ದಾರಿಯನ್ನು ನಾವೇ ತೋರಿಸಿಕೊಟ್ಟಂತೆ. ಪರದೆಯ ಮೇಲಿರುವ ಪದಗಳು ಚೀಟಿಯಲ್ಲಿ ಆದಷ್ಟು ಬರಬಾರದು.

ಆಮೇಲೆ ಮಾಡಬೇಕಾದ ಕೆಲಸ ಸುಮ್ಮನಿರುವುದು. ‘ಪರೀಕ್ಷೆ ನಿಮಗಲ್ಲ, ಈ ಸೈಟಿಗೆ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗಿ’ ಎಂದು ಹೇಳಿ ಕೈಕಟ್ಟಿ ಕೂರಬೇಕು. ‘ಇಲ್ಲಿ ಒತ್ತಬೇಕಾ ಸಾರ್?’ ಎಂದು ಕೇಳಿಯೇ ಕೇಳುತ್ತಾರೆ. ‘ನಾನು ಇಲ್ಲಿಲ್ಲ ಅಂದ್ಕೊಳ್ಳಿ, ಆಗ ಏನ್ ಮಾಡ್ತಿದ್ರಿ?’ ಎಂಬುದೇ ಉತ್ತರ. ಮಾಲೀಕರು ಆ ಟೇಬಲ್‌ನಿಂದ ದೂರ ಇರುವುದು ಲೇಸು. ದಿನಾ ಕಾಫಿ ಕೊಡುವವರ ಎದುರು ‘ನಿಮ್ಮ ಸೈಟ್ ಅರ್ಥವಾಗಲಿಲ್ಲ’ ಎನ್ನಲು ನಮ್ಮ ಜನಕ್ಕೆ ಬಾಯಿ ಬರುವುದಿಲ್ಲ. ‘ಚೆನ್ನಾಗಿದೆ’ ಎಂಬ ಮಾತನ್ನು ಬರೆದುಕೊಳ್ಳುವುದೂ ಬೇಡ. ಬೆರಳು ಎಲ್ಲಿ ನಿಂತಿತು, ಎಲ್ಲಿಗೆ ಹೋಗಿ ವಾಪಸ್ಸು ಬಂತು ಎಂಬುದು ಬೇಕು.

ಇನ್ನೊಂದು ಸಣ್ಣ ಎಚ್ಚರ: ಕೊಂಡಿ ಇಲ್ಲದ ಜಾಗವನ್ನು ಒತ್ತಿದರೆ ಫಿಗ್ಮಾ ಒತ್ತಬಹುದಾದ ಜಾಗಗಳನ್ನೆಲ್ಲ ನೀಲಿಯಾಗಿ ಮಿಂಚಿಸುತ್ತದೆ. ಅದನ್ನು ಮೊದಲೇ ನಿಲ್ಲಿಸದಿದ್ದರೆ ಉತ್ತರಪತ್ರಿಕೆಯನ್ನೇ ಕೈಗೆ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ.

ಕಂಡದ್ದನ್ನು ಓದುವುದು

ನಮ್ಮ ಕೆಫೆಯಲ್ಲಿ ಇಂಥ ಮೂರು ಸಂಗತಿ ಕಂಡವು ಎನ್ನೋಣ.

ಮೊದಲನೆಯದು ಸಕ್ಕರೆ. ಮೆನುವಿನಲ್ಲಿ ಕಾಫಿಯ ಪಕ್ಕ ‘+’ ಗುರುತಿದೆ. ಐವರಲ್ಲಿ ನಾಲ್ವರು ಅದನ್ನು ಎರಡು ಸಲ ಒತ್ತಿ, ಎರಡು ಕಾಫಿ ಬಂದ ಮೇಲೆ ಸಕ್ಕರೆ ಬೇಡವೆನ್ನುವ ಜಾಗ ಹುಡುಕುತ್ತಾರೆ. ಆ ಆಯ್ಕೆ ಇರುವುದು ಕಾಫಿಯ ಫೋಟೋ ಒತ್ತಿದಾಗ ತೆರೆಯುವ ಪರದೆಯಲ್ಲಿ. ಇಬ್ಬರು ಕಾರ್ಟ್‌ನಲ್ಲಿ ಹುಡುಕುತ್ತಾರೆ, ಒಬ್ಬರು ‘ಬಂದು ಹೇಳ್ತೀನಿ ಬಿಡಿ’ ಎನ್ನುತ್ತಾರೆ. ಪರಿಹಾರ ಕಷ್ಟವಲ್ಲ. ‘+’ ಒತ್ತಿದ ಕೂಡಲೇ ‘ಸಕ್ಕರೆ ಇರಲಿ, ಕಡಿಮೆ, ಬೇಡ’ ಎಂಬ ಪಟ್ಟಿ ಬರಬೇಕು, ಕಾರ್ಟ್‌ನಲ್ಲಿ ಎರಡು ಕಾಫಿಗೆ ಎರಡು ಸಾಲು ಇರಬೇಕು. ಪ್ರೊಟೊಟೈಪ್‌ನಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ. ಸೈಟ್ ಕಟ್ಟಿದ ಮೇಲೆ ಗೊತ್ತಾಗಿದ್ದರೆ? ‘ಕಾಫಿ 2’ ಎಂದು ಒಂದೇ ಸಾಲಿನಲ್ಲಿ ಲೆಕ್ಕ ಇಡುವ ಡೇಟಾಬೇಸ್, ಬಿಲ್, ಅಡುಗೆಮನೆಯಲ್ಲಿ ಮುದ್ರಣವಾಗುವ ಕೆಒಟಿ ಚೀಟಿ ಎಲ್ಲವನ್ನೂ ಬಿಚ್ಚಬೇಕಾಗುತ್ತಿತ್ತು.

ಎರಡನೆಯದು ಸಮಯ. ಪರದೆಯ ಮೇಲೆ ‘30 ನಿಮಿಷ’ ಎಂದಿದೆ. ಗಿರಾಕಿ ಯಾವಾಗ ಬರುತ್ತಾರೆಂದು ಆರಿಸಲು ಅದನ್ನು ಇಟ್ಟದ್ದು. ಮೂವರು ಅದನ್ನು ‘ಮಾಡಿಕೊಡಲು ಇಷ್ಟು ಹೊತ್ತು ಬೇಕು’ ಎಂದು ಓದಿಕೊಂಡು ಮುಂದೆ ಹೋಗುತ್ತಾರೆ. ಯಾರೂ ನಿಲ್ಲಲಿಲ್ಲ, ಯಾರೂ ದೂರಲಿಲ್ಲ, ಆರ್ಡರ್ ಕೂಡ ಮುಗಿಯಿತು. ಎಲ್ಲಕ್ಕಿಂತ ಅಪಾಯದ ತೊಡಕು ಇಂಥದ್ದೇ, ತಪ್ಪಾಗಿದೆ ಎಂದು ಗಿರಾಕಿಗೂ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ ‘ನಿಮ್ಮ ದೋಸೆ ಎಷ್ಟು ಗಂಟೆಗೆ ಸಿಗುತ್ತೆ?’ ಎಂದು ಕೇಳಿದರಷ್ಟೇ ಅದು ಹೊರಬರುತ್ತದೆ. ನಿಮಿಷದ ಬದಲು ‘ಸಂಜೆ 6.40ಕ್ಕೆ ಬರುತ್ತೇನೆ’ ಎಂದು ಗಡಿಯಾರದ ಹೊತ್ತನ್ನೇ ತೋರಿಸಿದರೆ ಗೊಂದಲವಿಲ್ಲ.

ಮೂರನೆಯದು ಒಟಿಪಿ. ಮೆನು ತೋರಿಸುವ ಮೊದಲೇ ಫೋನ್ ನಂಬರ್ ಕೇಳಿದಾಗ ಒಬ್ಬರು ಮಾತ್ರ ಫೋನ್ ಕೆಳಗಿಟ್ಟು ‘ನಂಬರ್ ಯಾಕೆ? ಆಮೇಲೆ ಮೆಸೇಜ್ ಕಳಿಸ್ತಾ ಇರ್ತಾರೆ’ ಎನ್ನುತ್ತಾರೆ. ಒಬ್ಬರೇ ಎಂದು ಬಿಡಬಹುದೇ? ಬಿಡಬಾರದು. ತೂಕ ನೋಡಬೇಕಾದದ್ದು ಎಷ್ಟು ಜನ ಎಡವಿದರು ಎಂಬುದರಿಂದ ಮಾತ್ರವಲ್ಲ, ಎಡವಿದವರ ಆರ್ಡರ್ ಅಲ್ಲೇ ನಿಂತಿತೇ ಎಂಬುದರಿಂದಲೂ. ನಂಬರ್ ಕೇಳುವ ಪರದೆಯನ್ನು ಕಾರ್ಟ್ ಆದ ಮೇಲೆ ಹಾಕಿದರೆ ಮುಗಿಯಿತು.

ಇವುಗಳ ನಡುವೆ ಪ್ರೊಟೊಟೈಪ್‌ನ ಸ್ವಂತ ದೋಷಗಳೂ ನುಸುಳುತ್ತವೆ. ಗಿರಾಕಿ ದೋಸೆಯ ಫೋಟೋ ಒತ್ತಿದರು, ಏನೂ ಆಗಲಿಲ್ಲ, ಯಾಕೆಂದರೆ ಅಲ್ಲಿ ಕೊಂಡಿ ಹಾಕಿಲ್ಲ. ಅದನ್ನು ವಿನ್ಯಾಸದ ತಪ್ಪೆಂದು ಬರೆಯುವ ಮೊದಲು ‘ಒತ್ತಿದರೆ ಏನು ಬರುತ್ತೆ ಅಂದ್ಕೊಂಡಿದ್ರಿ?’ ಎಂದು ಕೇಳಬೇಕು. ಇದಕ್ಕೇ ಐವರಿಗಿಂತ ಮೊದಲು ಬೇರೆ ಯಾರನ್ನಾದರೂ ಕೂರಿಸಿ ಒಂದು ಸಲ ಓಡಿಸಿ ನೋಡುವುದು ವಾಡಿಕೆ.

ಐವರು ಹೇಳಲಾರದ್ದು

‘ಐವರಲ್ಲಿ ಮೂವರಿಗೆ ಸಮಯದ ಪರದೆ ತಿಳಿಯಲಿಲ್ಲ’ ಎನ್ನಬಹುದು, ‘ಶೇ 60ರಷ್ಟು ಗಿರಾಕಿಗಳಿಗೆ ತಿಳಿಯುವುದಿಲ್ಲ’ ಎನ್ನುವಂತಿಲ್ಲ. ಎಷ್ಟು ಜನ ಆರ್ಡರ್ ಮಾಡುತ್ತಾರೆ, ಪಾರ್ಸೆಲ್‌ಗೆ ಹತ್ತು ರೂಪಾಯಿ ಹೆಚ್ಚು ಕೊಡುತ್ತಾರೆಯೇ ಎಂಬ ಪ್ರಶ್ನೆಗಳಿಗೂ ಇಲ್ಲಿ ಉತ್ತರವಿಲ್ಲ. ಹತ್ತರಲ್ಲಿ ಒಬ್ಬರನ್ನು ಮಾತ್ರ ಕಾಡುವ ತೊಡಕು ಐವರ ಪರೀಕ್ಷೆಯಲ್ಲಿ ಒಮ್ಮೆಯಾದರೂ ಕಾಣಿಸಿಕೊಳ್ಳುವ ಸಾಧ್ಯತೆ ಶೇ 41 ಮಾತ್ರ.

ಹಣ ಕಟ್ಟುವ ಘಟ್ಟವಂತೂ ಪ್ರೊಟೊಟೈಪ್‌ನಲ್ಲಿ ನಾಟಕವೇ. ಬಟನ್ ಒತ್ತಿದ ಕ್ಷಣದಲ್ಲಿ ‘ಪಾವತಿ ಆಯಿತು’ ಎಂಬ ಚಿತ್ರ ಬರುತ್ತದೆ. ನಿಜದಲ್ಲಿ ಗಿರಾಕಿ ಯುಪಿಐ ಆ್ಯಪ್‌ಗೆ ಹೋಗಿ, ಪಿನ್ ಹಾಕಿ, ಮತ್ತೆ ಸೈಟಿಗೆ ಮರಳಬೇಕು, ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಹಣ ಹೋಯಿತೇ ಇಲ್ಲವೇ ಎಂಬ ಆತಂಕ. ಸೈಟ್ ತಯಾರಾದ ಮೇಲೆ ನಿಜವಾದ ಹಣ ಕಟ್ಟಿಸಿಯೇ ಆ ಭಾಗವನ್ನು ಇನ್ನೊಮ್ಮೆ ನೋಡಬೇಕು.

ವೆಬ್‌ಸೈಟ್ ಮಾಡಿಸಲು ಹೊರಟಿರುವ ಕೆಫೆಯವರು ಒಪ್ಪಂದದಲ್ಲೇ ಎರಡು ಸಾಲು ಸೇರಿಸಿಕೊಳ್ಳಿ: ಕೋಡ್ ಬರೆಯುವ ಮೊದಲು ಪ್ರೊಟೊಟೈಪನ್ನು ನಮ್ಮ ಐವರು ಗಿರಾಕಿಗಳ ಮುಂದೆ ಇಡಬೇಕು, ಕಂಡ ತೊಡಕುಗಳನ್ನು ತಿದ್ದಿ, ಬೇರೆ ಐವರ ಮುಂದೆ ಮತ್ತೊಮ್ಮೆ ಇಡಬೇಕು. ಕೋಡ್‌ನ ಮುಂಗಡ ಕೊಡುವುದು ಅದಾದ ಮೇಲೆ.