ಆ ಬಿಳಿ ಚುಕ್ಕೆಯಲ್ಲಿರುವುದು ನೀರು!

ತಲೆಯ ಎಂಆರ್‌ಐ ರಿಪೋರ್ಟು ಕೈಗೆ ಬಂದು, ಅದರಲ್ಲಿ ‘ಬಿಳಿ ಚುಕ್ಕೆಗಳಿವೆ’ ಎಂದು ತಿಳಿದು ನಿದ್ದೆಗೆಟ್ಟವರಿಗೆ ಮೊದಲು ಹೇಳಬೇಕಾದ ಸಂಗತಿ ಇದು: ನಡುವಯಸ್ಸಿನಲ್ಲಿ ಕಾಣುವ ಆ ಸಣ್ಣ ಬಿಳುಪು ಬಹುಪಾಲು ಗಡ್ಡೆಯಲ್ಲ, ರಕ್ತವೂ ಅಲ್ಲ. ಅದು ನೀರು! ಮೆದುಳಿನ ಎಳೆಗಳ ನಡುವೆ ಇರಬೇಕಾದ್ದಕ್ಕಿಂತ ಚೂರು ಹೆಚ್ಚಾಗಿ ನಿಂತ ನೀರು.

ಅದನ್ನು ಕಾಣಿಸುವ ಉಪಾಯ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮೆದುಳಿನ ಸುತ್ತಲೂ ಒಳಗೂ ನೀರಿನಂಥ ದ್ರವ ತುಂಬಿಕೊಂಡಿದೆ. ಮಾಮೂಲಿ ಚಿತ್ರದಲ್ಲಿ ಅದೂ ಬೆಳ್ಳಗೆ ಹೊಳೆದು ಪಕ್ಕದ ಚುಕ್ಕೆಯನ್ನು ಮುಚ್ಚಿಬಿಡುತ್ತದೆ. 1992ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ‘ಫ್ಲೇರ್’ ಎಂಬ ದಾರಿ ಕಂಡುಕೊಂಡರು. ಮೊದಲೊಂದು ಅಲೆ ಕಳಿಸಿ, ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಯುವುದು. ಸರಿಯಾಗಿ ಆ ಗಳಿಗೆಯಲ್ಲಿ ಮುಕ್ತವಾಗಿರುವ ದ್ರವದ ಸಂಕೇತ ಸೊನ್ನೆಗಿಳಿದಿರುತ್ತದೆ. ಆಗ ಚಿತ್ರ ಹಿಡಿದರೆ ಆ ದ್ರವವೆಲ್ಲ ಕಪ್ಪು, ಎಳೆಗಳ ನಡುವೆ ಸಿಕ್ಕಿಕೊಂಡ ನೀರು ಮಾತ್ರ ಬೆಳ್ಳಗೆ!

ಸರಿ, ಅಲ್ಲೇ ಯಾಕೆ ಆ ನೀರು ನಿಂತಿತು? ಮೆದುಳಿನ ಆಳದ ಬಿಳಿಭಾಗಕ್ಕೆ ರಕ್ತ ಒಯ್ಯುವ ನಾಳಗಳು ಮಿಲಿಮೀಟರಿನ ಅಂಶದಷ್ಟೇ ದಪ್ಪ. ಉದ್ದಕ್ಕೆ ಇಳಿಯುತ್ತಾ ಹೋಗಿ, ಕೊನೆಯಲ್ಲಿ ಬೇರೆ ನಾಳದ ಆಸರೆ ಇಲ್ಲದೆ ಮುಗಿದುಬಿಡುತ್ತವೆ. ತುಂಗಭದ್ರಾ ಕಾಲುವೆಯ ಕೊನೆಭಾಗದ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲೆ ಎಲ್ಲಿ ಏನು ಕೆಟ್ಟರೂ ಮೊದಲು ಒಣಗುವುದು ಅವರದೇ ಗದ್ದೆ. ವರ್ಷಗಟ್ಟಲೆ ಏರಿದ ಬಿಪಿ ಈ ಸಣ್ಣ ನಾಳಗಳ ಗೋಡೆಯನ್ನು ದಪ್ಪಗೊಳಿಸುತ್ತದೆ, ಹರಿವು ಕುಗ್ಗುತ್ತದೆ, ಗೋಡೆಯಿಂದ ದ್ರವ ಜಿನುಗುತ್ತದೆ, ಎಳೆಗಳ ಮೇಲಿನ ಕೊಬ್ಬಿನ ಕವಚ ಸವೆಯುತ್ತದೆ.

ಇದು ಎಷ್ಟು ಸಾಮಾನ್ಯ ಅಂತೀರಿ! ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ 60ರಿಂದ 90 ವಯಸ್ಸಿನವರನ್ನು ಪರೀಕ್ಷಿಸಿದಾಗ ಇಂಥ ಗುರುತು ಒಂದೂ ಇಲ್ಲದವರು ನೂರಕ್ಕೆ ಐದು ಮಂದಿ ಮಾತ್ರ. ನಮ್ಮಲ್ಲೂ ಹುಡುಕಾಟ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದ್ದಾರೆ. ಅದರಲ್ಲಿ ಎಂಆರ್‌ಐ ಕೂಡ ಸೇರಿದೆ. ಹೊಲದಲ್ಲಿ ದುಡಿದವರ ಮೆದುಳು ಹೇಗೆ ಮಾಗುತ್ತದೆಂದು ನಮ್ಮ ನೆಲದಲ್ಲೇ ನೋಡುತ್ತಿರುವುದು ನನಗೆ ಬಲು ಹೆಮ್ಮೆಯ ವಿಷಯ.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಕಂಪ್ಲಿಯ ಭತ್ತದ ಗದ್ದೆಯಲ್ಲಿ ದುಡಿಯುವ 47ರ ಹೆಣ್ಣುಮಗಳು, ವರ್ಷಗಳಿಂದ ಅರೆತಲೆನೋವು. ಹೊಸಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿದರೆ ಮುಂಭಾಗದಲ್ಲಿ ಬಿಡಿಬಿಡಿಯಾಗಿ ನಾಲ್ಕಾರು ಚುಕ್ಕೆ. ರಿಪೋರ್ಟಿನಲ್ಲಿ ‘ಫಾಝೆಕಾಸ್ 1’ ಎಂದಿದೆ. ಆಸ್ಟ್ರಿಯಾದ ಫ್ರಾಂಝ್ ಫಾಝೆಕಾಸ್ 1987ರಲ್ಲಿ ಕೊಟ್ಟ ಅಳತೆ ಅದು: 1 ಎಂದರೆ ಬಿಡಿ ಚುಕ್ಕೆ, 2 ಎಂದರೆ ಕೂಡಿಕೊಳ್ಳತೊಡಗಿದವು, 3 ಎಂದರೆ ಒಂದಾಗಿ ಹರಡಿದವು. ಅರೆತಲೆನೋವಿನ ಹೆಂಗಸರಲ್ಲಿ ಇಂಥ ಚುಕ್ಕೆ ಹೆಚ್ಚೆಂದು ಡಚ್ ಸಂಶೋಧಕರು ಕಂಡಿದ್ದಾರೆ. ಒಂಬತ್ತು ವರ್ಷ ಬಿಟ್ಟು ನೋಡಿದಾಗ ಚುಕ್ಕೆ ಬೆಳೆದಿದ್ದರೂ ನೆನಪು, ಬುದ್ಧಿ ಅದರಿಂದ ಕುಸಿದಿರಲಿಲ್ಲ! ಈಕೆಗೆ ಬೇಕಾದದ್ದು ತಲೆನೋವಿಗೆ ಔಷಧಿ ಮತ್ತು ಬಿಪಿ, ಶುಗರ್ ಪರೀಕ್ಷೆ.

ಇನ್ನೊಬ್ಬರು ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವ 50ರ ಚಾಲಕ. ಬೀಡಿ, ಬಿಪಿ 170/100, ಇತ್ತೀಚೆಗೆ ನಡಿಗೆ ನಿಧಾನ. ಚಿತ್ರದಲ್ಲಿ ಚುಕ್ಕೆಗಳೆಲ್ಲ ಕೂಡಿ ಹರಡಿವೆ, ಫಾಝೆಕಾಸ್ 3. ಈ ವಯಸ್ಸಿಗೆ ಅದು ವಿಪರೀತ. ಇವರನ್ನು ನರರೋಗ ತಜ್ಞರು ನೋಡಲೇಬೇಕು: ಪಾರ್ಶ್ವವಾಯು, ಮರೆವು ಎರಡರ ಅಪಾಯವೂ ಇಲ್ಲಿ ಏರಿದೆ.

ಬಿಳುಪು ಒಂದೇ, ಅರ್ಥ ಬೇರೆ! ಎಲ್ಲಿದೆ ಎಂಬುದೂ ಮಾತಾಡುತ್ತದೆ. ಮೆದುಳಿನ ಎರಡು ಭಾಗ ಜೋಡಿಸುವ ಸೇತುವೆಯಲ್ಲೋ ಮೆದುಳಿನ ಕಾಂಡದಲ್ಲೋ ಚುಕ್ಕೆಯಿದ್ದು, ಹಿಂದೆ ಒಂದು ಕಣ್ಣು ನೋವಿನೊಡನೆ ದಿನಗಟ್ಟಲೆ ಮಂಜಾಗಿದ್ದರೆ, ಕಾಲು ಮರಗಟ್ಟಿ ವಾರಗಳಲ್ಲಿ ಸರಿಹೋಗಿದ್ದರೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆಯೇ ಎಂದು ನೋಡಬೇಕು. ರಿಪೋರ್ಟಿನಲ್ಲಿ ‘ಡಿಮೈಲಿನೇಷನ್’ ಎಂಬ ಪದ ಕಂಡಮಾತ್ರಕ್ಕೆ ಆ ಕಾಯಿಲೆ ಆಗುವುದಿಲ್ಲ. ‘ಡಿಫ್ಯೂಷನ್’ ಚಿತ್ರದಲ್ಲಿ ಚುಕ್ಕೆ ಹೊಳೆಯುತ್ತದೆಂದು ಬರೆದಿದ್ದರೆ ಅದು ಹೊಸ ಪಾರ್ಶ್ವವಾಯು ಇರಬಹುದು, ಅಂದೇ ವೈದ್ಯರ ಬಳಿ ಹೋಗಬೇಕು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ರಿಪೋರ್ಟಿಗೂ ಕಾಯದೆ ಆ ಕ್ಷಣವೇ ಆಸ್ಪತ್ರೆ.

ನನ್ನನ್ನು ಇನ್ನೂ ಬೆರಗುಗೊಳಿಸುವ ಸಂಗತಿ ಒಂದಿದೆ. ಈ ಬಿಳುಪಿನ ಓಟವನ್ನು ತಗ್ಗಿಸಬಹುದು! ಅಮೆರಿಕದ ‘ಸ್ಪ್ರಿಂಟ್’ ಅಧ್ಯಯನದಲ್ಲಿ ಬಿಪಿಯ ಮೇಲಿನ ಅಂಕಿಯನ್ನು ಒಂದು ಗುಂಪಿಗೆ 140ರ ಕೆಳಗೆ, ಇನ್ನೊಂದಕ್ಕೆ 120ರ ಕೆಳಗೆ ಇಡುವ ಗುರಿ ಇತ್ತು. ಸುಮಾರು ನಾಲ್ಕು ವರ್ಷದ ನಂತರ ಮೊದಲ ಗುಂಪಿನ ಮೆದುಳಿನಲ್ಲಿ ಈ ಬಿಳುಪು ಸರಾಸರಿ 1.45 ಘನ ಸೆಂಟಿಮೀಟರ್ ಹೆಚ್ಚಿತ್ತು, ಎರಡನೆಯದರಲ್ಲಿ 0.92 ಮಾತ್ರ. ಸಂಡೂರಿನ ಆ ಚಾಲಕನಿಗೆ ಎಷ್ಟರವರೆಗೆ ಇಳಿಸಬೇಕೆಂಬುದನ್ನು, ತಲೆಸುತ್ತು ಬರುತ್ತದೆಯೇ, ಕಿಡ್ನಿ ಹೇಗಿದೆ ಎಂದು ನೋಡಿಕೊಂಡು ಅವರ ವೈದ್ಯರೇ ನಿರ್ಧರಿಸಬೇಕು.